ಮಬ್ಬು ಆಕಾಶದ ಜಾಗಕ್ಕೆ ಸಂಜೆಯ ಕೆಂಪು: ಹಂಪಿಯ ಒಂದು ಫೋಟೋ ಇಟ್ಟುಕೊಂಡು ಹಂತ ಹಂತವಾಗಿ

ಮಳೆಗಾಲದಲ್ಲಿ ಹಂಪಿಯ ಮಾತಂಗ ಬೆಟ್ಟ ಹತ್ತಿ ಬಂದವರ ಹತ್ತಿರ ಬಹುತೇಕ ಒಂದೇ ಥರದ ಫೋಟೋ ಇರುತ್ತದೆ. ಎದುರಿಗೆ ವಿರೂಪಾಕ್ಷ ದೇವಾಲಯದ ಒಂಬತ್ತು ಅಂತಸ್ತಿನ ಗೋಪುರ. ಅಲ್ಲಿಂದ ಬೆಟ್ಟದ ಕಡೆಗೆ ಬರುವ ಹಳೇ ಬಜಾರ್ ಬೀದಿ, ಅದರ ಎರಡೂ ಬದಿಗೆ ಕಲ್ಲಿನ ಮಂಟಪಗಳು, ಬಲಗಡೆ ತುಂಗಭದ್ರೆ. ಎಲ್ಲ ಚೆನ್ನಾಗಿದೆ, ಮೇಲೆ ಮಾತ್ರ ಬರೀ ಬಿಳಿ ಆಕಾಶ. ಕಲ್ಲು, ಬೀದಿ, ಗೋಪುರ ಎಲ್ಲಕ್ಕೂ ಒಂದು ನೀಲಿ ಛಾಯೆ ಹತ್ತಿರುತ್ತದೆ.

ಇಂಥ ಫೋಟೋಗೆ ಸೂರ್ಯಾಸ್ತದ ಆಕಾಶ ಕೂರಿಸುವುದು ಸುಲಭ. ಫೋಟೋಶಾಪ್‌ನ Edit ಮೆನುವಿನಲ್ಲಿ Sky Replacement ಅಂತಲೇ ಇದೆ. ಒತ್ತಿದರೆ ಆಕಾಶ ಬದಲಾಗುತ್ತದೆ, ಅದರ ಬಣ್ಣ ನೆಲಕ್ಕೂ ಸ್ವಲ್ಪ ಹರಡುತ್ತದೆ. ಆದರೆ ಗೋಪುರದ ಯಾವ ಮುಖ ಸೂರ್ಯನಿಗೆ ಬೆನ್ನು ಹಾಕಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ನೋಡಿದವರಿಗೆ ಎಲ್ಲೋ ಅಂಟಿಸಿದ ಹಾಗೆ ಕಾಣುತ್ತದೆ. ಕೈಯಾರೆ ಮಾಡಿದರೆ ಒಂದು ಗಂಟೆ ಜಾಸ್ತಿ ಹಿಡಿಯಬಹುದು, ಆದರೆ ಬೆಳಕು ನಿಮ್ಮ ಹಿಡಿತದಲ್ಲಿರುತ್ತದೆ. ಆ ದಾರಿಯನ್ನೇ ಇಲ್ಲಿ ಹೇಳುತ್ತೇನೆ.

ಯಾವ ಆಕಾಶ ತೆಗೆದುಕೊಳ್ಳಬೇಕು

ಕಂಪ್ಯೂಟರ್ ಮುಟ್ಟುವ ಮೊದಲು ಇದೊಂದನ್ನು ತೀರ್ಮಾನ ಮಾಡಿ. ಇಲ್ಲಿ ತಪ್ಪಿದರೆ ಮುಂದೆ ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ.

ಮೋಡ ಮುಚ್ಚಿದ ದಿನ ಬೆಳಕು ಇಡೀ ಆಕಾಶದಿಂದ ಬರುತ್ತದೆ. ಅದಕ್ಕೇ ಫೋಟೋದಲ್ಲಿ ನೆರಳು ಇರುವುದಿಲ್ಲ. ಮಂಟಪದ ಕಂಬಗಳು ಬೀದಿಯ ಮೇಲೆ ಗೆರೆ ಎಳೆದಿರುವುದಿಲ್ಲ. ಈಗ ಇದರ ಮೇಲೆ ಸೂರ್ಯ ಧಗಧಗ ಉರಿಯುತ್ತಿರುವ ಆಕಾಶ ತಂದಿಟ್ಟರೆ ಏನಾಗುತ್ತದೆ? ಸೂರ್ಯ ಇದ್ದಾನೆ, ನೆರಳಿಲ್ಲ. ನೋಡುವವರಿಗೆ ಕಾರಣ ಹೇಳಲು ಬರದಿದ್ದರೂ ಏನೋ ಸರಿಯಿಲ್ಲ ಅಂತ ತಕ್ಷಣ ಅನಿಸುತ್ತದೆ. ನೆರಳನ್ನು ಕೈಯಲ್ಲಿ ಬರೆದು ನಂಬಿಸುವುದು ತುಂಬಾ ಕಷ್ಟ.

ಅದರ ಬದಲು ಸೂರ್ಯ ಮುಳುಗಿ ಐದರಿಂದ ಹದಿನೈದು ನಿಮಿಷ ಆದ ಮೇಲಿನ ಆಕಾಶ ಹುಡುಕಿ. ಮೋಡಗಳ ಹೊಟ್ಟೆ ಕೆಳಗಿನಿಂದ ಕೆಂಪಾಗಿರುತ್ತದೆ, ದಿಗಂತದ ಹತ್ತಿರ ಕಿತ್ತಳೆ, ಮೇಲೆ ಹೋದಂತೆ ನೇರಳೆ ಮಿಶ್ರಿತ ನೀಲಿ. ಆ ಹೊತ್ತಿನಲ್ಲಿ ನೇರ ಬಿಸಿಲು ಇಲ್ಲ, ಹಾಗಾಗಿ ನಿಜವಾದ ಸಂಜೆಯಲ್ಲೂ ನೆಲದ ಮೇಲೆ ಗಟ್ಟಿ ನೆರಳು ಇರುವುದಿಲ್ಲ. ಅಂದರೆ ಮೋಡದ ದಿನದ ನೆಲ ಈ ಆಕಾಶಕ್ಕೆ ತಾನಾಗಿಯೇ ಹೊಂದುತ್ತದೆ. ನಾಟಕೀಯವಾಗಿ ಕಾಣಬೇಕು ಅಂದರೂ ಇದೇ ಹೊತ್ತು ಒಳ್ಳೆಯದು. ಮೋಡಗಳಿಗೆ ಅತಿ ಹೆಚ್ಚು ಬಣ್ಣ ಬರುವುದು ಸಾಮಾನ್ಯವಾಗಿ ಸೂರ್ಯ ಮರೆಯಾದ ಮೇಲೆಯೇ.

ಇನ್ನು ದಿಕ್ಕು. ಮಾತಂಗ ಬೆಟ್ಟ ದೇವಾಲಯಕ್ಕೆ ಪೂರ್ವದಲ್ಲಿದೆ. ಅಲ್ಲಿಂದ ಗೋಪುರ ನೋಡುವಾಗ ನಾವು ಹೆಚ್ಚು ಕಡಿಮೆ ಪಶ್ಚಿಮಕ್ಕೆ ಮುಖ ಮಾಡಿರುತ್ತೇವೆ. ಹಾಗಾಗಿ ಗೋಪುರದ ಹಿಂದೆ ಸೂರ್ಯಾಸ್ತ ಇಡುವುದರಲ್ಲಿ ಸುಳ್ಳಿಲ್ಲ. ಆದರೆ ಹಂಪಿಯಲ್ಲಿ ಸೂರ್ಯ ಮುಳುಗುವ ಜಾಗ ವರ್ಷದಲ್ಲಿ ನೇರ ಪಶ್ಚಿಮದಿಂದ ಎರಡೂ ಕಡೆಗೆ ಸುಮಾರು 24 ಡಿಗ್ರಿ ಸರಿದಾಡುತ್ತದೆ. ಜೂನ್, ಜುಲೈನಲ್ಲಿ ಬಲಕ್ಕೆ ಅಂದರೆ ಉತ್ತರದ ಕಡೆಗೆ, ಡಿಸೆಂಬರ್‌ನಲ್ಲಿ ಎಡಕ್ಕೆ. ಬೀದಿಯಲ್ಲಿ ಮಳೆನೀರು ನಿಂತಿರುವ ಫೋಟೋಗೆ ಹೊಳಪು ಎಡತುದಿಯಲ್ಲಿರುವ ಆಕಾಶ ಹಾಕಿದರೆ ಹಂಪಿ ಚೆನ್ನಾಗಿ ಬಲ್ಲವರು ಹಿಡಿದುಬಿಡುತ್ತಾರೆ. ಮೋಡಕ್ಕೆ ಎಡಬಲ ಇಲ್ಲ. Edit > Transform > Flip Horizontal ಮಾಡಿದರೆ ಸಾಕು.

ಆಕಾಶದ ಫೋಟೋ ಕೂಡ ನಿಮ್ಮದೇ ಆಗಿದ್ದರೆ, ಮತ್ತು ಸುಮಾರು ಅದೇ ಅಗಲದ ಲೆನ್ಸ್‌ನಲ್ಲಿ ತೆಗೆದದ್ದಾಗಿದ್ದರೆ ಒಳ್ಳೆಯದು. ಜೂಮ್ ಮಾಡಿ ತೆಗೆದ ಆಕಾಶದಲ್ಲಿ ಮೋಡಗಳು ದೈತ್ಯವಾಗಿ ಕಂಡು ಗೋಪುರ ಆಟಿಕೆಯ ಹಾಗಾಗುತ್ತದೆ. ಸೂರ್ಯ ಕಾಣಲೇಬೇಕು ಅಂತ ಹಟ ಇದ್ದರೆ ಒಂದು ಅಳತೆ ಹೇಳುತ್ತೇನೆ. ಫುಲ್ ಫ್ರೇಮ್ ಕ್ಯಾಮೆರಾ, 35 ಮಿಮೀ ಲೆನ್ಸ್, 6000 ಪಿಕ್ಸೆಲ್ ಅಗಲದ ಚಿತ್ರ ಆದರೆ ಸೂರ್ಯನ ಬಿಂಬ ಸುಮಾರು 54 ಪಿಕ್ಸೆಲ್ ಮಾತ್ರ ಇರಬೇಕು. ಅದಕ್ಕಿಂತ ತುಂಬಾ ದೊಡ್ಡದಿದ್ದರೆ ಆ ಆಕಾಶ ಬೇರೆ ಲೆನ್ಸ್‌ನದು.

ಹಳೇ ಆಕಾಶ ತೆಗೆಯುವ ಮೊದಲು ಅದನ್ನೇ ಅಳೆಯಿರಿ

ಬಹಳ ಜನ ಮೊದಲು ಆಕಾಶ ಬದಲಿಸಿ, ಆಮೇಲೆ ನೆಲದ ಮೇಲೆ ಕಿತ್ತಳೆ ಬಣ್ಣ ಸುರಿಯುತ್ತಾರೆ. ನೆಲದಲ್ಲಿ ಆಗಲೇ ನೀಲಿ ಇದೆ. ನೀಲಿಯ ಮೇಲೆ ಕಿತ್ತಳೆ ಬಿದ್ದರೆ ಒಂದನ್ನೊಂದು ಕೊಂದು ಬೂದಿ ಬಣ್ಣ ಉಳಿಯುತ್ತದೆ. ಸಾಲದು ಅಂತ ಇನ್ನಷ್ಟು ಸುರಿದರೆ ತಿಳಿ ಜಾಗಗಳು ಇಟ್ಟಿಗೆಯ ಹಾಗೆ ಕೆಂಪಾಗುತ್ತವೆ, ನೆರಳಿನ ಜಾಗಗಳು ನೇರಳೆಯಾಗುತ್ತವೆ. ಅದಕ್ಕೇ ಮೊದಲು ನೀಲಿ ಪೂರ್ತಿ ತೆಗೆಯಬೇಕು, ಆಮೇಲೆ ಸಂಜೆಯ ಬೆಳಕು ಕೊಡಬೇಕು. ಈ ಎರಡನ್ನೂ ಯಾವತ್ತೂ ಒಂದೇ ಲೇಯರ್‌ನಲ್ಲಿ ಮಾಡಬೇಡಿ.

ನೀಲಿ ಎಷ್ಟಿದೆ ಅಂತ ತಿಳಿಯುವುದು ಹೇಗೆ? ಆ ದಿನ ನೆಲಕ್ಕೆ ಬೆಳಕು ಕೊಟ್ಟದ್ದು ಮೋಡ. ಆದ್ದರಿಂದ ಮೋಡದ ಬಣ್ಣವೇ ಬೆಳಕಿನ ಬಣ್ಣ. ಅದನ್ನೇ ಅಳೆಯಿರಿ. Window > Info ತೆರೆದು, ಡ್ರಾಪರ್‌ನ Sample Size ಅನ್ನು 31 by 31 Average ಮಾಡಿ, ಮೋಡದ ಮೇಲೆ ಇಡಿ. ನನ್ನ ಚಿತ್ರದಲ್ಲಿ ಕೆಂಪು 212, ಹಸಿರು 219, ನೀಲಿ 228 ಬಂತು. ಮೂರೂ ಸಮ ಇರಬೇಕಿತ್ತು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಬಿಸಿಲಿನ ಗುರುತಿನಲ್ಲಿ, ಅಂದರೆ ಸುಮಾರು 5200 ಕೆಲ್ವಿನ್‌ನಲ್ಲಿ ಇತ್ತು. ಮೋಡದ ಬೆಳಕು ಸಾಮಾನ್ಯವಾಗಿ 6500 ಕೆಲ್ವಿನ್ ಅಥವಾ ಅದಕ್ಕೂ ಮೇಲೆ. ಆ ವ್ಯತ್ಯಾಸವೇ ಈ ನೀಲಿ.

ಈಗ ಒಂದು Curves ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ಅದರ ಮೂರು ಡ್ರಾಪರ್‌ಗಳಲ್ಲಿ ಮಧ್ಯದ ಬೂದು ಡ್ರಾಪರ್ ತೆಗೆದುಕೊಂಡು ಮೋಡದ ಮೇಲೆ ಕ್ಲಿಕ್ ಮಾಡಿ. ಮೂರೂ ಅಂಕಿ 219ರ ಆಸುಪಾಸಿಗೆ ಬರುತ್ತವೆ. ಕಲ್ಲಿನ ಬಣ್ಣ ತಟ್ಟನೆ ಜೀವ ಪಡೆಯುತ್ತದೆ. ರಾ ಫೈಲ್ ಇದ್ದರೆ ಇನ್ನೂ ಒಳ್ಳೆಯದು. ಕ್ಯಾಮೆರಾ ರಾದ ವೈಟ್ ಬ್ಯಾಲೆನ್ಸ್ ಡ್ರಾಪರ್‌ನಿಂದ ಅದೇ ಮೋಡದ ಮೇಲೆ ಕ್ಲಿಕ್ ಮಾಡಿ, 16 ಬಿಟ್‌ನಲ್ಲಿ ತೆರೆಯಿರಿ.

ಮೋಡ ಪೂರ್ತಿ ಸುಟ್ಟು 255, 255, 255 ಆಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಅಳೆಯಲು ಬಣ್ಣವೇ ಉಳಿದಿಲ್ಲ. ಆಗ ನೆಲದಲ್ಲಿ ನಿಜವಾಗಿ ಬೂದು ಇರುವ ವಸ್ತು ಹುಡುಕಬೇಕು: ಸಿಮೆಂಟ್ ಕಟ್ಟೆ, ಒಣಗಿದ ಟಾರ್ ರಸ್ತೆ, ಕಬ್ಬಿಣದ ಕಂಬ. ಗೋಪುರದ ಮೇಲೆ ಮಾತ್ರ ಕ್ಲಿಕ್ ಮಾಡಬೇಡಿ. ಅದು ಬೆಳ್ಳಗೆ ಕಂಡರೂ ನಿಜಕ್ಕೂ ಕೆನೆ ಬಣ್ಣದ್ದು. ಅದನ್ನು ಬೂದು ಅಂತ ಹೇಳಿದರೆ ಇಡೀ ಚಿತ್ರ ಇನ್ನೂ ನೀಲಿಯಾಗುತ್ತದೆ. ಹಂಪಿಯ ಬಂಡೆಯನ್ನೂ ನಂಬಬೇಡಿ, ಅದರಲ್ಲಿ ಸ್ವಲ್ಪ ಗುಲಾಬಿ, ಕಂದು ಇದ್ದೇ ಇರುತ್ತದೆ.

ಇಷ್ಟಾದ ಮೇಲೂ ಮರಗಳ ಪಕ್ಕದ ಕಲ್ಲುಗಳಲ್ಲಿ ಹಸಿರು ಉಳಿದಿರಬಹುದು. ಅದು ಎಲೆಗಳಿಂದ ತಿರುಗಿ ಬಂದ ಬೆಳಕು. ಇಡೀ ಚಿತ್ರ ತಿದ್ದಲು ಹೋಗಬೇಡಿ. ಒಂದು Color Balance ಲೇಯರ್‌ನಲ್ಲಿ ಹಸಿರಿನಿಂದ Magenta ಕಡೆಗೆ 6ರಿಂದ 8 ಸರಿಸಿ, ಮಾಸ್ಕ್ ಕಪ್ಪು ಮಾಡಿ, ಆ ಜಾಗಗಳ ಮೇಲೆ ಮಾತ್ರ ಬಿಳಿ ಬ್ರಷ್ ಆಡಿಸಿ.

ಮಾಸ್ಕ್: ನೀಲಿ ಚಾನೆಲ್ ಸಾಕು

ಗೋಪುರದ ಕಳಶ, ಗೊಂಬೆಗಳ ಅಂಚು, ಮರದ ಎಲೆ ಇವನ್ನೆಲ್ಲ ಪೆನ್ ಟೂಲ್‌ನಲ್ಲಿ ಕತ್ತರಿಸುತ್ತಾ ಕೂರಬೇಡಿ. ಮೋಡದ ದಿನದ ದೊಡ್ಡ ಅನುಕೂಲ ಅಂದರೆ ಆಕಾಶ ಎಲ್ಲ ಕಡೆ ಒಂದೇ ಸಮ ಬೆಳ್ಳಗಿರುತ್ತದೆ.

Channels ಪ್ಯಾನೆಲ್ ತೆರೆದು ಮೂರು ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ತಿದ್ದುವ ಲೇಯರ್‌ಗಳ ಕಣ್ಣು ಮುಚ್ಚಿರಲಿ, ಮೂಲ ಚಿತ್ರದ ನೀಲಿಯೇ ಈಗ ನಮಗೆ ಬೇಕು. ಕೆಂಪು ಚಾನೆಲ್‌ನಲ್ಲಿ ಕೆನೆ ಬಣ್ಣದ ಗೋಪುರ 185 ಇತ್ತು, ಆಕಾಶ 212. ಎರಡೂ ಹತ್ತಿರ ಹತ್ತಿರ. ನೀಲಿ ಚಾನೆಲ್‌ನಲ್ಲಿ ಗೋಪುರ 150, ಆಕಾಶ 228. ಬೇರ್ಪಡಿಸಲು ಇದೇ ಸರಿ. ನೀಲಿ ಚಾನೆಲ್ ಅನ್ನು ಕೆಳಗಿನ ಹೊಸ ಚಾನೆಲ್ ಗುರುತಿನ ಮೇಲೆ ಎಳೆದು ನಕಲು ಮಾಡಿ. ಆ ನಕಲಿನ ಮೇಲೆ ಕಂಟ್ರೋಲ್ ಮತ್ತು ಎಲ್ ಒತ್ತಿ Levels ತೆರೆಯಿರಿ. ಎಡಗಡೆಯ ಕಪ್ಪು ತ್ರಿಕೋನ 165ಕ್ಕೆ, ಬಲಗಡೆಯ ಬಿಳಿ 215ಕ್ಕೆ ತಂದರೆ ಆಕಾಶ ಪೂರ್ತಿ ಬಿಳಿ, ನೆಲ ಪೂರ್ತಿ ಕಪ್ಪು. ಈ ಅಂಕಿಗಳು ನನ್ನ ಚಿತ್ರದ್ದು, ನಿಮ್ಮದಕ್ಕೆ ಬೇರೆ ಇರುತ್ತವೆ. ಗೋಪುರಕ್ಕಿಂತ ಸ್ವಲ್ಪ ಮೇಲೆ ಕಪ್ಪು, ಆಕಾಶಕ್ಕಿಂತ ಸ್ವಲ್ಪ ಕೆಳಗೆ ಬಿಳಿ, ಇಷ್ಟು ನೆನಪಿಟ್ಟರೆ ಸಾಕು.

ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಬೂದು ಉಳಿಯಲಿ. ಅದನ್ನೂ ಕಪ್ಪು ಬಿಳುಪು ಮಾಡಿದರೆ ಗೋಪುರ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ. ನೆಲದ ಮೇಲಿನ ನೀರು, ಬಿಳಿ ಬಟ್ಟೆ ಇವು ಬಿಳಿಯಾಗಿ ಉಳಿದಿದ್ದರೆ ಕಪ್ಪು ಬ್ರಷ್‌ನಿಂದ ಮುಚ್ಚಿ.

ಈಗ ಕಂಟ್ರೋಲ್ ಒತ್ತಿಕೊಂಡು ಆ ಚಾನೆಲ್ ಮೇಲೆ ಕ್ಲಿಕ್ ಮಾಡಿದರೆ ಆಕಾಶ ಆಯ್ಕೆಯಾಗುತ್ತದೆ. Select > Inverse ಮಾಡಿ, ಇದರಿಂದ ನೆಲ ಆಯ್ಕೆಯಾಯಿತು. ಮುಚ್ಚಿದ್ದ ಲೇಯರ್‌ಗಳ ಕಣ್ಣು ಮತ್ತೆ ತೆರೆಯಿರಿ. ಮೂಲ ಚಿತ್ರವನ್ನೂ ತಿದ್ದಿದ ಲೇಯರ್‌ಗಳನ್ನೂ ಒಂದು ಗುಂಪಿಗೆ ಹಾಕಿ, ಆ ಗುಂಪಿಗೆ ಮಾಸ್ಕ್ ಕೊಡಿ. ಗುಂಪಿನ ಕೆಳಗೆ ಹೊಸ ಆಕಾಶ ಇಡಿ. ಆಕಾಶದ ದಿಗಂತ ಚಿತ್ರದ ದಿಗಂತಕ್ಕೆ ಸರಿಯಾಗಿ ಬರಬೇಕು. ಕಿತ್ತಳೆ ಪಟ್ಟಿ ಗುಡ್ಡಗಳ ಹಿಂದೆ ಮುಳುಗಿಹೋದರೆ ಬಣ್ಣ ಎಲ್ಲಿಂದ ಬಂತು ಅನ್ನುವುದೇ ಕಾಣುವುದಿಲ್ಲ.

ಎಲೆಗಳ ಸುತ್ತ ಬಿಳಿ ಗೆರೆ ಕಾಣಬಹುದು. ಅದು ಹಳೇ ಆಕಾಶದ ಉಳಿಕೆ. ಮಾಸ್ಕ್ ಒಳಗೆ ಎಳೆಯಲು ಹೋದರೆ ಸಣ್ಣ ಎಲೆಗಳೇ ಮಾಯವಾಗುತ್ತವೆ. ಗುಂಪಿನ ಒಳಗೆ, ಎಲ್ಲಕ್ಕಿಂತ ಮೇಲೆ, Multiply ಮೋಡ್‌ನಲ್ಲಿ ಒಂದು ಖಾಲಿ ಲೇಯರ್ ಹಾಕಿ. ಹಿಂದಿನ ಹೊಸ ಆಕಾಶದಿಂದ ಬಣ್ಣ ತೆಗೆದುಕೊಂಡು ಮೆತ್ತನೆಯ ಬ್ರಷ್‌ನಿಂದ ಆ ಅಂಚಿನ ಮೇಲೆ ಬಳಿಯಿರಿ. ಬಿಳಿ ಪಿಕ್ಸೆಲ್‌ಗಳು ಆಕಾಶದ ಬಣ್ಣ ತಾಳುತ್ತವೆ, ಕಪ್ಪು ಎಲೆಗಳಿಗೆ ಹೆಚ್ಚೇನೂ ಆಗುವುದಿಲ್ಲ.

ನೆಲಕ್ಕೆ ಸಂಜೆಯ ಬೆಳಕು

ಇದೇ ಈ ಕೆಲಸದ ತಿರುಳು. ನಮಗೆ ಕಾಣುತ್ತಿರುವುದು ಗೋಪುರದ ಪೂರ್ವದ ಮುಖ. ಕೆಂಪು ಇರುವುದು ಪಶ್ಚಿಮದಲ್ಲಿ. ಅಂದರೆ ಆ ಕೆಂಪು ಈ ಮುಖಕ್ಕೆ ತಾಗುವುದೇ ಇಲ್ಲ. ಅದಕ್ಕೆ ಬೆಳಕು ಸಿಗುವುದು ನಮ್ಮ ತಲೆಯ ಮೇಲಿನ ಮತ್ತು ಬೆನ್ನ ಹಿಂದಿನ ಆಕಾಶದಿಂದ. ಆ ಹೊತ್ತಿನಲ್ಲಿ ಅಲ್ಲಿ ಇರುವುದು ಮಂದ ನೀಲಿ, ಒಂಚೂರು ಗುಲಾಬಿ. ಆದ್ದರಿಂದ ಗೋಪುರದ ಮುಖ ಕಿತ್ತಳೆಯಾಗಬಾರದು. ಅದು ಕತ್ತಲಾಗಬೇಕು, ಸ್ವಲ್ಪ ತಣ್ಣಗಾಗಬೇಕು. ಸುಮ್ನೆ ಎಲ್ಲಕ್ಕೂ ಕಿತ್ತಳೆ ಹಚ್ಚಿದ ಚಿತ್ರಗಳು ಸುಳ್ಳಾಗಿ ಕಾಣುವುದು ಇದೇ ಕಾರಣಕ್ಕೆ.

ಹಾಗಾದರೆ ನೀಲಿ ತೆಗೆದು ಮತ್ತೆ ನೀಲಿ ಹಾಕುವುದು ಯಾಕೆ ಅಂತ ಕೇಳಬಹುದು ಅಲ್ವಾ? ಮೊದಲಿದ್ದ ನೀಲಿ ಎಲ್ಲದರ ಮೇಲೂ ಒಂದೇ ಸಮ ಇತ್ತು. ಈಗ ಕೊಡುವ ನೀಲಿ ಎಲ್ಲಿ ಬೇಕೋ ಅಲ್ಲಿ ಮಾತ್ರ.

ಮೊದಲು ಕತ್ತಲು. ಗುಂಪಿನೊಳಗೆ ಹೊಸ Curves ಹಾಕಿ, ಗೆರೆಯ ಮಧ್ಯದ ಬಿಂದುವನ್ನು 128ರಿಂದ ಸುಮಾರು 75ಕ್ಕೆ ಇಳಿಸಿ. ಹೆದರಬೇಡಿ, ಇಷ್ಟು ಬೇಕು. ಗೋಪುರದ ಅತಿ ಬೆಳ್ಳಗಿನ ಜಾಗ ಕೂಡ ಅದರ ಹಿಂದಿನ ಆಕಾಶಕ್ಕಿಂತ ಕಪ್ಪಾಗಿರಬೇಕು. ಬೆಳಕಿನ ಮೂಲ ಹಿಂದಿರುವಾಗ ಮುಂದಿನದು ಅದಕ್ಕಿಂತ ಬೆಳ್ಳಗಿರಲು ಸಾಧ್ಯವಿಲ್ಲ.

ಆಮೇಲೆ ತಂಪು. Color Balance ಲೇಯರ್‌ನಲ್ಲಿ Shadows ಆರಿಸಿ ನೀಲಿಯ ಕಡೆಗೆ 6, Midtones ಆರಿಸಿ ನೀಲಿಯ ಕಡೆಗೆ 5, Magenta ಕಡೆಗೆ 4. ಇದು ಕಣ್ಣಿಗೆ ಹೊಡೆಯಬಾರದು.

ಕೊನೆಗೆ ಬಿಸಿ. ಇದು ಆಕಾಶಕ್ಕೆ ಮುಖ ಮಾಡಿದ ಜಾಗಗಳಿಗೆ ಮಾತ್ರ: ಮಂಟಪಗಳ ಚಾವಣಿ, ಬಂಡೆಗಳ ನೆತ್ತಿ, ಬೀದಿಯ ನೆಲ. ಪಶ್ಚಿಮದ ಹೊಳಪು ಅವುಗಳನ್ನು ಸವರಿಕೊಂಡು ಬರುತ್ತದೆ. ಇನ್ನೊಂದು Color Balance ಹಾಕಿ, Midtones ಮತ್ತು Highlights ಎರಡರಲ್ಲೂ ಕೆಂಪಿನ ಕಡೆಗೆ 14, ಹಳದಿಯ ಕಡೆಗೆ 18 ಕೊಡಿ. ಮಾಸ್ಕ್ ಪೂರ್ತಿ ಕಪ್ಪು ಮಾಡಿ, ಬಿಳಿ ಬ್ರಷ್‌ನ Flow 15ರಷ್ಟು ಇಟ್ಟುಕೊಂಡು ಆ ಜಾಗಗಳನ್ನು ಮಾತ್ರ ನಿಧಾನವಾಗಿ ತೆರೆಯಿರಿ. ಗೋಪುರಕ್ಕೆ ಹತ್ತಿರ ಬರುವ ಬೀದಿಯ ಭಾಗಕ್ಕೆ ಸ್ವಲ್ಪ ಜಾಸ್ತಿ, ನಮ್ಮ ಕಾಲ ಬುಡದ ಬಂಡೆಗಳಿಗೆ ಕಡಿಮೆ.

ದೂರದ ಗುಡ್ಡ ಮತ್ತು ನೀರು

ಬಹಳಷ್ಟು ಒಳ್ಳೆಯ ಪ್ರಯತ್ನಗಳು ಸಿಕ್ಕಿಬೀಳುವುದು ಈ ಎರಡು ಜಾಗಗಳಲ್ಲಿ.

ದೂರದ ಗುಡ್ಡಗಳ ಮುಂದೆ ಗಾಳಿಯಲ್ಲಿ ಮಂಜಿನಂಥ ಮಬ್ಬು ಇರುತ್ತದೆ. ಅದರ ಬಣ್ಣ ಹಿಂದಿನ ಆಕಾಶದ ಬಣ್ಣವನ್ನೇ ಹೋಲುತ್ತದೆ. ಮೋಡದ ದಿನ ಅದು ಬೂದು. ನೀವು ಆಕಾಶ ಕೆಂಪು ಮಾಡಿ ಗುಡ್ಡಗಳನ್ನು ಬೂದಿಯಾಗಿಯೇ ಬಿಟ್ಟರೆ ಎರಡರ ನಡುವೆ ಹೊಲಿಗೆ ಕಾಣುತ್ತದೆ. ದಿಗಂತದ ಪಕ್ಕದ ಆಕಾಶದಿಂದ ಕಿತ್ತಳೆ ಗುಲಾಬಿ ಬಣ್ಣ ಆರಿಸಿ, ಗುಂಪಿನೊಳಗೆ ಹೊಸ ಲೇಯರ್‌ನಲ್ಲಿ ದಿಗಂತದಿಂದ ಕೆಳಕ್ಕೆ ಕರಗುವ ಗ್ರೇಡಿಯೆಂಟ್ ಎಳೆಯಿರಿ. Opacity 15ರಿಂದ 20. ಅತಿ ದೂರದ ಗುಡ್ಡಕ್ಕೆ ಜಾಸ್ತಿ, ಗೋಪುರಕ್ಕೆ ಏನೂ ಬೇಡ. ಗೋಪುರವನ್ನು ಈ ಲೇಯರ್‌ನ ಮಾಸ್ಕ್‌ನಲ್ಲಿ ಮುಚ್ಚಿ.

ತುಂಗಭದ್ರೆಯ ನೀರು, ಬೀದಿಯ ಗುಂಡಿಗಳಲ್ಲಿ ನಿಂತ ಮಳೆನೀರು, ಎರಡೂ ಮೂಲ ಚಿತ್ರದಲ್ಲಿ ಬೆಳ್ಳಗಿವೆ. ಅವು ಹಳೇ ಆಕಾಶವನ್ನು ತೋರಿಸುತ್ತಿವೆ. ಕತ್ತಲು ಮಾಡಿದ Curves ಲೇಯರ್‌ನ ಮಾಸ್ಕ್‌ನಲ್ಲಿ ನೀರಿನ ಜಾಗವನ್ನು ಅರ್ಧದಷ್ಟು ಬಿಡಿಸಿ. ಮೇಲೆ Multiply ಲೇಯರ್ ಹಾಕಿ ಹೊಸ ಆಕಾಶದ ಬಣ್ಣ ಬಳಿಯಿರಿ. ಅಲೆ, ಗೆರೆ ಎಲ್ಲ ಹಾಗೇ ಉಳಿಯುತ್ತವೆ, ಬಣ್ಣ ಮಾತ್ರ ಬದಲಾಗುತ್ತದೆ. ದೂರದ ನದಿಗೆ ದಿಗಂತದ ಹತ್ತಿರದ ಕಿತ್ತಳೆ. ಕಾಲ ಬುಡದ ಗುಂಡಿಯನ್ನು ನಾವು ಕಡಿದಾಗಿ ಕೆಳಗೆ ನೋಡುತ್ತೇವೆ, ಆದ್ದರಿಂದ ಅದರಲ್ಲಿ ಕಾಣುವುದು ಆಕಾಶದ ಎತ್ತರದ ಭಾಗ, ಅಂದರೆ ನೀಲಿ ನೇರಳೆ. ಎರಡಕ್ಕೂ ಒಂದೇ ಬಣ್ಣ ಹಾಕಬೇಡಿ.

ಒಂದಾಯಿತೇ ಅಂತ ನೋಡುವುದು

ಎಲ್ಲಕ್ಕಿಂತ ಮೇಲೆ ಒಂದು Black & White ಲೇಯರ್ ಹಾಕಿ ನೋಡಿ. ಬಣ್ಣ ಹೋದ ಮೇಲೆ ಬೆಳಕಿನ ತಪ್ಪು ಬೇಗ ಕಾಣುತ್ತದೆ. ನೆಲ ಆಕಾಶಕ್ಕಿಂತ ಬೆಳ್ಳಗಿದ್ದರೆ Curves ಇನ್ನೂ ಇಳಿಸಿ. ಆಮೇಲೆ ಅದನ್ನು ತೆಗೆದು Hue/Saturation ಲೇಯರ್ ಹಾಕಿ Saturation ಅನ್ನು 60ರಷ್ಟು ಏರಿಸಿ. ಅಡಗಿದ್ದ ಹಸಿರು ತೇಪೆಗಳು, ಬ್ರಷ್ ದಾಟಿದ ಕಿತ್ತಳೆ ಎಲ್ಲ ಎದ್ದು ಕಾಣುತ್ತವೆ. ತಿದ್ದಿ, ಈ ಲೇಯರ್ ಅನ್ನೂ ತೆಗೆಯಿರಿ.

100 ಶೇಕಡಾ ಜೂಮ್‌ನಲ್ಲಿ ಆಕಾಶದ ಕಣ ಮತ್ತು ನೆಲದ ಕಣ ಹೋಲಿಸಿ. ಆಕಾಶ ತೀರಾ ನುಣುಪಾಗಿದ್ದರೆ Filter > Noise > Add Noise ನಲ್ಲಿ 1ರಿಂದ 2 ಶೇಕಡಾ, Gaussian, Monochromatic. ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಒಡೆದಿದ್ದರೂ ಇದು ಸ್ವಲ್ಪ ಮುಚ್ಚುತ್ತದೆ.

ಫೋಟೋಶಾಪ್ ಇಲ್ಲದವರು ಉಚಿತವಾಗಿ ಸಿಗುವ ಜಿಂಪ್‌ನಲ್ಲೂ ಇದನ್ನು ಮಾಡಬಹುದು. ಅಲ್ಲಿ Blue ಚಾನೆಲ್ ಮೇಲೆ ಬಲ ಕ್ಲಿಕ್ ಮಾಡಿ Duplicate Channel ಕೊಡಿ. ಮಾಸ್ಕ್ ಹಾಕುವಾಗ ಬರುವ ಕಿಟಕಿಯಲ್ಲಿ ಆ ಚಾನೆಲ್ ಅನ್ನೇ ಆರಿಸಬಹುದು, Invert mask ಕೂಡ ಅಲ್ಲೇ ಇದೆ. ಬೂದು ಡ್ರಾಪರ್ Colors > Levels ಒಳಗಿದೆ. 2025ರಲ್ಲಿ ಬಂದ 3.0 ಆವೃತ್ತಿಯಿಂದ ಬಣ್ಣ ತಿದ್ದಿದ್ದನ್ನು ಆಮೇಲೆ ಬದಲಿಸುವ ಅವಕಾಶವೂ ಬಂದಿದೆ, ಹಳೇ ಆವೃತ್ತಿಯಲ್ಲಾದರೆ ಪ್ರತಿ ಹಂತಕ್ಕೂ ಲೇಯರ್ ನಕಲು ಇಟ್ಟುಕೊಳ್ಳಿ.

ಲೇಯರ್‌ಗಳಿರುವ ಫೈಲ್ ಅನ್ನು PSD ಆಗಿಯೇ ಉಳಿಸಿ. ಹಂಚಲು sRGB ಬಣ್ಣದಲ್ಲಿ JPEG ತೆಗೆಯಿರಿ, ಇಲ್ಲದಿದ್ದರೆ ಕೆಲವರ ಫೋನ್‌ನಲ್ಲಿ ಆ ಕೆಂಪು ಮಂಕಾಗುತ್ತದೆ. ಎಲ್ಲಿ ಹಾಕಿದರೂ ಆಕಾಶ ಬದಲಿಸಿದ ಚಿತ್ರ ಅಂತ ಒಂದು ಸಾಲು ಬರೆಯಿರಿ. ಪತ್ರಿಕೆಯ ಸುದ್ದಿಗೆ ಇಂಥ ಚಿತ್ರ ಕೊಡಲೇಬಾರದು. ಫೋಟೋ ಸ್ಪರ್ಧೆಗೆ ಕಳಿಸುವುದಾದರೆ ಆ ವಿಭಾಗದಲ್ಲಿ ಜೋಡಿಸಿದ ಚಿತ್ರಕ್ಕೆ ಅನುಮತಿ ಇದೆಯೇ ಅಂತ ನಿಯಮ ಓದಿ ಕಳಿಸಿ. ಮೂಲ ರಾ ಫೈಲ್ ಅಳಿಸಬೇಡಿ, ಕೆಲವು ಸ್ಪರ್ಧೆಗಳಲ್ಲಿ ಅದನ್ನು ಕೇಳುತ್ತಾರೆ.